ಹತ್ತರಲ್ಲಿ ಏಳು ಗೆದ್ದೂ ಐದರಲ್ಲೊಂದು ಪಾಲು ಕಳೆದುಕೊಂಡ ಲೆಕ್ಕ

"ಹತ್ತರಲ್ಲಿ ಏಳು ಸಲ ಗೆಲ್ತೀನಿ ಅಂತೀರಲ್ಲ, ಮತ್ತೆ ದುಡ್ಡು ಎಲ್ಲಿಗೆ ಹೋಗ್ತಿದೆ ರೀ?"

ಹೆಂಡತಿ ಹೀಗೆ ಕೇಳುವ ಹೊತ್ತಿಗೆ ನಾನು ಟ್ರೇಡಿಂಗ್ ಶುರುಮಾಡಿ 14 ತಿಂಗಳಾಗಿತ್ತು. ಬ್ರೋಕರ್ ಆ್ಯಪ್ ತೆರೆದರೆ ಮೊದಲ ಪರದೆಯಲ್ಲೇ ಹಸಿರು ಅಕ್ಷರದಲ್ಲಿ ವಿನ್ ರೇಟ್ 74% ಎಂದು ಬರುತ್ತಿತ್ತು. ಅದರ ಕೆಳಗೇ ಇದ್ದ ಖಾತೆಯ ಮೊತ್ತ ಮಾತ್ರ, ಹಾಕಿದ್ದರಲ್ಲಿ ಐದನೇ ಒಂದು ಭಾಗ ಕರಗಿಹೋಗಿದೆ ಎನ್ನುತ್ತಿತ್ತು. ಎರಡೂ ಒಂದೇ ಪರದೆಯಲ್ಲಿದ್ದವು. ಒಂದು ನಿಜವಾದರೆ ಇನ್ನೊಂದು ಹೇಗೆ ನಿಜ ಎಂದು ನಾನು ಒಂದು ದಿನವೂ ಕೂತು ಯೋಚಿಸಿರಲಿಲ್ಲ. ಬ್ರೋಕರೇಜ್ ತಿಂದಿರಬೇಕು, ಒಂದೆರಡು ಕೆಟ್ಟ ವಾರ ಇದ್ದವು, ಹೀಗೆ ಏನೋ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವತ್ತು ಅವಳ ಮುಂದೆ ಆ ಸಮಾಧಾನ ಬಾಯಿಗೆ ಬರಲಿಲ್ಲ.

ಲೆಕ್ಕಕ್ಕೆ ಕೂತೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಒಟ್ಟು ಹಿಡಿದದ್ದು ಒಂಬತ್ತು ತಿಂಗಳು. ಎಲ್ಲೆಲ್ಲಿ ಎಡವಿದೆ ಎಂದು ಬರೆದಿಡುತ್ತಿದ್ದೇನೆ. ಇದೇ ಲೆಕ್ಕಕ್ಕೆ ಕೂರುವವರಿಗೆ ಒಂದೆರಡು ತಿಂಗಳಾದರೂ ಉಳಿಯಬಹುದು.

ಬೇಕಾದ ಸೂತ್ರ ಚಿಕ್ಕದು. ಒಂದು ಟ್ರೇಡಿಗೆ ಸರಾಸರಿ ಎಷ್ಟು ಬರುತ್ತದೆ ಅಥವಾ ಹೋಗುತ್ತದೆ ಎನ್ನುವುದಕ್ಕೆ ಎಕ್ಸ್‌ಪೆಕ್ಟೆನ್ಸಿ ಎನ್ನುತ್ತಾರೆ. ಗೆಲ್ಲುವ ಪ್ರಮಾಣವನ್ನು ಸರಾಸರಿ ಗೆಲುವಿನಿಂದ ಗುಣಿಸಿ, ಸೋಲುವ ಪ್ರಮಾಣವನ್ನು ಸರಾಸರಿ ಸೋಲಿನಿಂದ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಆಮೇಲೆ ಪ್ರತಿ ಟ್ರೇಡಿನ ಖರ್ಚನ್ನೂ ಕಳೆಯಬೇಕು.

```
E = (p × W) − ((1 − p) × L) − c
```

p ವಿನ್ ರೇಟ್, W ಸರಾಸರಿ ಗೆಲುವು, L ಸರಾಸರಿ ಸೋಲು, c ಖರ್ಚು. ಇವನ್ನು ಹಣದಲ್ಲಿ ಅಳೆಯುವ ಬದಲು "ಆರ್" ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಬೆಲೆ ಇಲ್ಲಿಗೆ ಬಂದರೆ ನಷ್ಟಕ್ಕಾದರೂ ಮಾರಿ ಹೊರಬರುವುದು ಎಂದು ಮೊದಲೇ ಹಾಕಿಡುವ ಆರ್ಡರೇ ಸ್ಟಾಪ್‌ಲಾಸ್. ಟ್ರೇಡಿಗೆ ಇಳಿಯುವಾಗ ಅದನ್ನು ಎಲ್ಲಿಟ್ಟಿರೋ ಅಲ್ಲಿ ಹೊಡೆದರೆ ಹೋಗುವ ಮೊತ್ತವೇ 1 ಆರ್. ಅದರ ಅರ್ಧದಷ್ಟು ಲಾಭ ಬಂದರೆ 0.5 ಆರ್. ಹೀಗೆ ಮಾಡಿದರೆ ಚಿಕ್ಕ ಟ್ರೇಡು, ದೊಡ್ಡ ಟ್ರೇಡು ಎಲ್ಲವೂ ಒಂದೇ ತಕ್ಕಡಿಗೆ ಬರುತ್ತವೆ. ನಾನು ಪ್ರತಿ ಟ್ರೇಡಿನಲ್ಲೂ ಖಾತೆಯ 1% ಮಾತ್ರ ಪಣಕ್ಕಿಡುತ್ತಿದ್ದೆ. ಅಂದರೆ ನನ್ನ 1 ಆರ್ ಖಾತೆಯ ನೂರನೇ ಒಂದು ಪಾಲು.

ಸೂತ್ರ ಗೊತ್ತಾಯಿತು, ಅಂಕಿಗಳು ಬೇಕಲ್ಲ. ಬ್ರೋಕರ್ ಜಾಲತಾಣದಿಂದ ಟ್ರೇಡ್ ಪಟ್ಟಿಯ ಸಿಎಸ್‌ವಿ ಫೈಲ್ ಇಳಿಸಿಕೊಂಡೆ. ಅದರಲ್ಲಿ ಕೊಂಡ ಬೆಲೆ, ಮಾರಿದ ಬೆಲೆ, ಲಾಭ ನಷ್ಟ ಎಲ್ಲ ಇತ್ತು, ಸ್ಟಾಪ್ ಇಟ್ಟಿದ್ದು ಎಲ್ಲಿ ಎನ್ನುವುದು ಮಾತ್ರ ಇರಲಿಲ್ಲ. ಸ್ಟಾಪ್ ಗೊತ್ತಿಲ್ಲದೆ ಆರ್ ಇಲ್ಲ. ಆರ್ಡರ್ ಇತಿಹಾಸ ಬೇರೆ ಕಡೆ ಸಿಕ್ಕಿತು, ಆದರೆ ಅದು ಕೊನೆಯ ಮೂರು ತಿಂಗಳದ್ದು ಮಾತ್ರ. ಸಾಲದ್ದಕ್ಕೆ ಸ್ಟಾಪ್ ಬದಲಿಸಿದ್ದರೆ ಕೊನೆಯ ಬೆಲೆಯನ್ನಷ್ಟೇ ತೋರಿಸುತ್ತಿತ್ತು. ನನಗೆ ಬೇಕಾಗಿದ್ದು ಮೊದಲು ಇಟ್ಟ ಬೆಲೆ. ಹಳೆಯ ಆರ್ಡರ್ ಲಾಗ್ ಪೂರ್ತಿ ಕಳಿಸಿ ಎಂದು ಗ್ರಾಹಕ ಸೇವೆಗೆ ಬರೆದೆ. ಎರಡು ಸಲ ಲಾಭ ನಷ್ಟದ ಪಟ್ಟಿಯನ್ನೇ ಮತ್ತೆ ಕಳಿಸಿದರು. "ಆರ್ಡರ್ ಹಾಕಿದ, ತಿದ್ದಿದ, ರದ್ದು ಮಾಡಿದ ಪ್ರತಿ ಘಟನೆಯ ಸಮಯ ಮತ್ತು ಬೆಲೆ" ಎಂದು ಬಿಡಿಸಿ ಕೇಳಿದ ಮೇಲೆ, ಹನ್ನೊಂದನೇ ದಿನಕ್ಕೆ ಸರಿಯಾದ ಫೈಲ್ ಬಂತು. ನೀವು ಕೇಳುವುದಾದರೆ ಮೊದಲ ಸಲವೇ ಇದೇ ಮಾತಿನಲ್ಲಿ ಕೇಳಿ.

17 ಟ್ರೇಡುಗಳಲ್ಲಿ ಸ್ಟಾಪ್ ಇಟ್ಟೇ ಇರಲಿಲ್ಲ. ಅವನ್ನು ಲೆಕ್ಕದಿಂದ ಬಿಟ್ಟುಬಿಡೋಣ, ಹೇಗೂ ಆರ್ ಸಿಗುವುದಿಲ್ಲ ಎಂದು ಮನಸ್ಸು ಹೇಳಿತು. ಬಿಟ್ಟಿದ್ದರೆ ಲೆಕ್ಕ ಚೆನ್ನಾಗಿಯೇ ಕಾಣುತ್ತಿತ್ತು, ಯಾಕೆಂದರೆ ನನ್ನ ಅತಿ ಕೆಟ್ಟ ನಾಲ್ಕು ನಷ್ಟಗಳು ಆ ಹದಿನೇಳರಲ್ಲೇ ಇದ್ದವು. ಕೊನೆಗೆ ಅವಕ್ಕೆಲ್ಲ ಖಾತೆಯ 1% ಅನ್ನೇ ಆರ್ ಎಂದು ಹಿಡಿದು ಒಳಗೆ ಸೇರಿಸಿದೆ.

ಮೊದಲ ಪೆಟ್ಟು ಬಿದ್ದದ್ದು ಸಾಲುಗಳನ್ನು ಎಣಿಸುವಾಗ. ಫೈಲಿನಲ್ಲಿ 318 ಸಾಲು ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ 214 ಟ್ರೇಡು. ಉಳಿದ 104 ಎಲ್ಲಿಂದ ಬಂದವು? ಅರ್ಧ ಅರ್ಧವಾಗಿ ಹೊರಬಂದ ಟ್ರೇಡುಗಳು ಅವು. ಒಂದಿಷ್ಟು ಲಾಭ ಕಂಡರೆ ಅರ್ಧ ಮಾರಿ, ಉಳಿದರ್ಧವನ್ನು ಓಡಲು ಬಿಡುವುದು ನನ್ನ ರೂಢಿ. ಆ್ಯಪ್ ಪ್ರತಿ ಮಾರಾಟವನ್ನೂ ಒಂದು ಟ್ರೇಡು ಎಂದು ಎಣಿಸುತ್ತಿತ್ತು. ಗೆಲ್ಲುವ ಟ್ರೇಡಿನಿಂದ ಎರಡು ಕಂತಿನಲ್ಲಿ ಹೊರಬರುತ್ತಿದ್ದೆ, ಸೋಲುವ ಟ್ರೇಡಿನಿಂದ ಸ್ಟಾಪ್ ಹೊಡೆದು ಒಂದೇ ಸಲಕ್ಕೆ. ಹಾಗಾಗಿ 93 ಗೆಲುವುಗಳು ಎರಡೆರಡು ಸಲ ಎಣಿಕೆಯಾಗಿದ್ದವು. ಇನ್ನು 11 ಟ್ರೇಡುಗಳಲ್ಲಿ ಮೊದಲರ್ಧ ಚಿಲ್ಲರೆ ಲಾಭ, ಎರಡನೆಯರ್ಧ ಅದಕ್ಕಿಂತ ಹೆಚ್ಚು ನಷ್ಟ. ಒಟ್ಟಾರೆ ಸೋಲಾದರೂ ಆ್ಯಪಿನಲ್ಲಿ ಒಂದು ಗೆಲುವು, ಒಂದು ಸೋಲು.

ಎಲ್ಲ ಒಟ್ಟುಗೂಡಿಸಿದ ಮೇಲೆ ಉಳಿದದ್ದು 214 ಟ್ರೇಡು, 132 ಗೆಲುವು, 82 ಸೋಲು. ವಿನ್ ರೇಟ್ 74% ಅಲ್ಲ, 61.7%. ಅವತ್ತು ರಾತ್ರಿ ಹೆಂಡತಿಗೆ ಹೇಳಲಿಲ್ಲ. ಹತ್ತರಲ್ಲಿ ಆರು ಅಂದರೂ ಚೆನ್ನಾಗಿಯೇ ಇದೆಯಲ್ಲ ಎಂಬ ಆಸೆ ಇನ್ನೂ ಇತ್ತು.

ಸರಾಸರಿ ಗೆಲುವು 0.58 ಆರ್, ಸರಾಸರಿ ಸೋಲು 1.04 ಆರ್ ಬಂತು. ಗೆಲುವುಗಳ ಮೊತ್ತ 76.6 ಆರ್, ಸೋಲುಗಳದು 85.3 ಆರ್. ಖರ್ಚು ಸೇರಿಸುವ ಮೊದಲೇ 8.7 ಆರ್ ಮೈನಸ್. ಬ್ರೋಕರೇಜ್ ಮತ್ತು ಇತರ ಶುಲ್ಕ ಟ್ರೇಡಿಗೆ ಸರಾಸರಿ 0.06 ಆರ್, ಅದನ್ನು 214ರಿಂದ ಗುಣಿಸಿದರೆ 12.8 ಆರ್. ಎರಡೂ ಸೇರಿ 21.5 ಆರ್ ಮೇಲೆ ಹೋಗಿತ್ತು. ಟ್ರೇಡಿಗೆ 0.10 ಆರ್ ನಷ್ಟ. 1 ಆರ್ ಅಂದರೆ ಖಾತೆಯ ನೂರನೇ ಪಾಲು ಎಂದೆನಲ್ಲ, ಇಪ್ಪತ್ತೊಂದು ಚಿಲ್ಲರೆ ಆರ್ ಅಂದರೆ ಸುಮಾರು ಐದನೇ ಒಂದು ಭಾಗ. ಖಾತೆಯಲ್ಲಿ ಕರಗಿದ್ದೂ ಅಷ್ಟೇ. ತಾಳೆ ನೋಡುವ ಈ ಹೆಜ್ಜೆ ಬಿಡಬೇಡಿ. ಎಕ್ಸ್‌ಪೆಕ್ಟೆನ್ಸಿಯನ್ನು ಟ್ರೇಡುಗಳ ಸಂಖ್ಯೆಯಿಂದ ಗುಣಿಸಿದರೆ ಖಾತೆಯ ಏರಿಳಿತ ಹೆಚ್ಚುಕಡಿಮೆ ಸಿಗಬೇಕು. ಸಿಗದಿದ್ದರೆ ವಿನ್ ರೇಟ್ ಒಂದು ಪಟ್ಟಿಯಿಂದ, ಸರಾಸರಿ ಇನ್ನೊಂದು ಪಟ್ಟಿಯಿಂದ ತೆಗೆದಿದ್ದೀರಾ ಎಂದು ಮೊದಲು ನೋಡಿ. ಆ್ಯಪಿನ 74% ಹಾಕಿ ನಾನೇ ಒಮ್ಮೆ ಗುಣಿಸಿ ನೋಡಿದ್ದೆ. ಖರ್ಚು ಕಳೆಯುವ ಮೊದಲು ಟ್ರೇಡಿಗೆ 0.16 ಆರ್ ಲಾಭ ಎಂದು ಬಂದಿತ್ತು!

ಖರ್ಚಿನ ಬಗ್ಗೆ ಒಂದು ಮಾತು. 0.06 ಆರ್ ಎಲ್ಲಿಂದ ಬಂತು ಎಂದರೆ, ಹೋಗಿ ಬರುವ ಶುಲ್ಕ ಟ್ರೇಡಿನ ಒಟ್ಟು ಮೌಲ್ಯದ 0.06% ಆಗುತ್ತಿತ್ತು, ನನ್ನ ಸ್ಟಾಪ್ ಸರಾಸರಿ 1% ದೂರದಲ್ಲಿರುತ್ತಿತ್ತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದೇ ಆರ್ ಲೆಕ್ಕದ ಖರ್ಚು. ಅದೇ ಸ್ಟಾಪನ್ನು ಅರ್ಧ ಪರ್ಸೆಂಟಿಗೆ ಬಿಗಿ ಮಾಡಿದರೆ, ಅಷ್ಟೇ ಪಣಕ್ಕೆ ಎರಡು ಪಟ್ಟು ಸರಕು ಕೊಳ್ಳಬೇಕು, ಖರ್ಚು 0.12 ಆರ್ ಆಗುತ್ತದೆ. ಸ್ಟಾಪ್ ಬಿಗಿ ಇದ್ದಷ್ಟೂ ಕ್ಷೇಮ ಎಂದು ನಂಬಿದ್ದವನು ನಾನು.

ಈ ಹಾಳೆಯನ್ನು ತೆಗೆದುಕೊಂಡು ಭಾವನ ಮನೆಗೆ ಹೋದೆ. ಭಾವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವರು, ಮಾರುಕಟ್ಟೆಯ ಹತ್ತಿರ ಸುಳಿದವರಲ್ಲ. ಹಾಳೆ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕಣ್ಣು ಮುಚ್ಚಿಕೊಂಡು ಕೊಂಡಿದ್ದರೆ ಎಷ್ಟು ಗೆಲ್ತಿದ್ದೆ?"

"ಐವತ್ತು ಪರ್ಸೆಂಟ್ ಅಲ್ವಾ ಭಾವ?"

"ಅಲ್ಲ ಕಣೋ. ಇಲ್ಲಿ ಕೂತ್ಕೋ."

ಒಂದು ಹಾಳೆಯ ಮೇಲೆ ನಡುವೆ ಚುಕ್ಕೆ ಇಟ್ಟರು. ಮೇಲೆ 58 ಮೆಟ್ಟಿಲ ದೂರಕ್ಕೆ ಒಂದು ಗೆರೆ, ಕೆಳಗೆ 104 ಮೆಟ್ಟಿಲ ದೂರಕ್ಕೆ ಇನ್ನೊಂದು. ನಾಣ್ಯ ಚಿಮ್ಮಿ ಒಂದೊಂದೇ ಮೆಟ್ಟಿಲು ಹತ್ತುತ್ತ ಇಳಿಯುತ್ತ ಹೋಗುವವನಿಗೆ ಯಾವ ಗೆರೆ ಮೊದಲು ಸಿಗುತ್ತದೆ? ಹತ್ತಿರದ್ದು. ಎಷ್ಟು ಸಲ? 104ನ್ನು 162ರಿಂದ ಭಾಗಿಸಿದಷ್ಟು, ಅಂದರೆ 64.2% ಸಲ. "ಏನೂ ಗೊತ್ತಿಲ್ಲದ ನಾಣ್ಯ ನೂರಕ್ಕೆ 64 ಗೆಲ್ಲುತ್ತೆ. ನೀನು 62. ನೀನು ನಾಣ್ಯಕ್ಕಿಂತ ಕಡೆ" ಎಂದರು. ಅಕ್ಕ ಒಳಗಿನಿಂದಲೇ ನಕ್ಕದ್ದು ಕೇಳಿಸಿತು.

ವಿನ್ ರೇಟಿನ ಮೇಲಿನ ಮೋಹ ಬಿಟ್ಟಿದ್ದು ಅಲ್ಲೇ. ಟಾರ್ಗೆಟ್, ಅಂದರೆ ಲಾಭಕ್ಕೆ ಮಾರುವ ಬೆಲೆ, ಹತ್ತಿರ ಇಟ್ಟುಕೊಂಡರೆ ಯಾರಿಗಾದರೂ ವಿನ್ ರೇಟ್ ಏರುತ್ತದೆ, ಅದಕ್ಕೆ ಜಾಣತನ ಬೇಕಿಲ್ಲ. ಗೆಲುವು ಸೋಲಿನ ಅನುಪಾತ ಮತ್ತು ವಿನ್ ರೇಟ್ ಒಂದೇ ತಕ್ಕಡಿಯ ಎರಡು ತಟ್ಟೆ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ನಿಮ್ಮ ವಿನ್ ರೇಟನ್ನು ಹೋಲಿಸಬೇಕಾದದ್ದು 50%ಗೆ ಅಲ್ಲ, ನಿಮ್ಮದೇ ಅನುಪಾತ ಕೇಳುವ ಕನಿಷ್ಠ ವಿನ್ ರೇಟಿಗೆ. ಖರ್ಚೂ ಸೇರಿದರೆ ಅದು ಹೀಗೆ ಬರುತ್ತದೆ:

```
p0 = (L + c) / (W + L)
```

ನನ್ನ ಅಂಕಿ ಹಾಕಿದರೆ 1.10ನ್ನು 1.62ರಿಂದ ಭಾಗಿಸಿ 67.9%. ಬಂಡವಾಳ ಇದ್ದಲ್ಲೇ ಇರಬೇಕಾದರೂ ನಾನು ನೂರಕ್ಕೆ 68 ಗೆಲ್ಲಬೇಕಿತ್ತು.

ತಪ್ಪು ಎಲ್ಲಿದೆ ಎಂದು ನನಗೇ ಗೊತ್ತು ಎಂದುಕೊಂಡು ವಾಪಸ್ ಬಂದೆ. ಸೋಲುಗಳ ಪಟ್ಟಿಯಲ್ಲಿ 62 ಟ್ರೇಡು ಸರಿಸುಮಾರು 1 ಆರ್‌ಗೆ ನಿಂತಿದ್ದವು. ಮೇಲೆ ಹೇಳಿದ ಆ 11 ಚಿಲ್ಲರೆ ನಷ್ಟದವು. ಉಳಿದ 9 ಮಾತ್ರ ಸರಾಸರಿ 2.4 ಆರ್ ತಿಂದಿದ್ದವು. ಸ್ಟಾಪ್ ಇಡದೇ ಇದ್ದವು ಅಥವಾ ಬೆಲೆ ಹತ್ತಿರ ಬಂದಾಗ ಸ್ಟಾಪನ್ನು ಕೆಳಗೆ ಸರಿಸಿದವು. ಅಲ್ಲೊಂದು ಟ್ರೇಡು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲಾಗಿನಲ್ಲಿ ಬೆಳಿಗ್ಗೆ 10:42ಕ್ಕೆ ಸ್ಟಾಪ್ ತಿದ್ದುಪಡಿ, 10:51ಕ್ಕೆ ಮತ್ತೆ, 11:03ಕ್ಕೆ ಮತ್ತೆ, 11:04ಕ್ಕೆ ರದ್ದು. ಸಂಜೆ 3.1 ಆರ್ ನಷ್ಟಕ್ಕೆ ಮಾರಾಟ. ಆ ಒಂಬತ್ತನ್ನೂ 1 ಆರ್‌ಗೆ ಕಡಿದಿದ್ದರೆ 12.6 ಆರ್ ಉಳಿಯುತ್ತಿತ್ತು. ಶಿಸ್ತು ಒಂದಿದ್ದಿದ್ದರೆ ಸಾಕಿತ್ತು ಎಂದು ಭಾವನಿಗೆ ಫೋನ್ ಮಾಡಿ ಹೇಳಿದೆ.

"ಸ್ಟಾಪ್ ಸರಿಸಿ, ಅದು ವಾಪಸ್ ಬಂದು ಗೆದ್ದದ್ದೂ ಇರಬೇಕಲ್ಲ? ಅದನ್ನ ಎಣಿಸಿದೆಯಾ?"

ಎಣಿಸಿರಲಿಲ್ಲ. ಹುಡುಕಿದರೆ ಅಂಥವು ಏಳು ಸಿಕ್ಕವು. ಜೀವ ಉಳಿಯಿತು ಎಂದು 0.2 ಆರ್ ಲಾಭಕ್ಕೆ ಓಡಿಬಂದಿದ್ದ ಟ್ರೇಡುಗಳು. ಶಿಸ್ತಿನಿಂದ ಇದ್ದಿದ್ದರೆ ಆ ಏಳೂ 1 ಆರ್ ಸೋಲಾಗುತ್ತಿದ್ದವು, ಅಂದರೆ 8.4 ಆರ್ ಆಚೆ. ಹಾಗಾಗಿ ಶಿಸ್ತಿನಿಂದ ನಿಜಕ್ಕೂ ಉಳಿಯುತ್ತಿದ್ದದ್ದು 4.2 ಆರ್ ಮಾತ್ರ. ಖರ್ಚು ಕಳೆದ ಮೇಲೂ 17 ಆರ್ ಮೇಲೆ ನಷ್ಟ ಹಾಗೇ ಇತ್ತು. ಕೆಟ್ಟ ನಷ್ಟಗಳನ್ನಷ್ಟೇ ಆರಿಸಿ ತಿದ್ದುವ ಈ ಲೆಕ್ಕ ಎಲ್ಲರಿಗೂ ಖುಷಿ ಕೊಡುತ್ತದೆ. ಒಂದು ನಿಯಮವನ್ನು ಹಿಂದಕ್ಕೆ ಅನ್ವಯಿಸುವುದಾದರೆ ಗೆದ್ದ ಟ್ರೇಡುಗಳ ಮೇಲೂ ಅನ್ವಯಿಸಬೇಕು.

ಆ ವಾರ ಟ್ರೇಡಿಂಗ್ ಬಿಡುವುದೇ ಸರಿ ಅನ್ನಿಸಿತ್ತು. ಪಣದ ಗಾತ್ರ ಬದಲಿಸಿ, ಸೋತಾಗ ದುಪ್ಪಟ್ಟು ಹಾಕಿ ಸರಿಮಾಡಬಹುದೇ ಎಂದೂ ಒಂದು ರಾತ್ರಿ ಕಾಗದದ ಮೇಲೆ ಗೀಚಿದೆ. ಆಗುವುದಿಲ್ಲ. ಪಣ ಎಷ್ಟಿರಬೇಕು ಎಂದು 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಕೊಟ್ಟ ಪ್ರಸಿದ್ಧ ಸೂತ್ರಕ್ಕೆ ಮೈನಸ್ ಎಕ್ಸ್‌ಪೆಕ್ಟೆನ್ಸಿ ಕೊಟ್ಟರೆ ಉತ್ತರವೂ ಮೈನಸ್ಸೇ ಬರುತ್ತದೆ. ಆಡಬೇಡ ಎಂದೇ ಅದರ ಅರ್ಥ.

ಉಳಿದದ್ದು ಒಂದೇ ಕಡೆ, ಗೆಲುವುಗಳ ಗಾತ್ರ. ನನ್ನ ಯೋಜನೆಯಲ್ಲಿ ಟಾರ್ಗೆಟ್ 1.5 ಆರ್ ಎಂದು ಬರೆದುಕೊಂಡಿದ್ದೆ. ಕೈಗೆ ಬಂದದ್ದು 0.58. ಕೈಗೆ ಬಂದ ತುತ್ತು ಬಾಯಿಗೆ ಬರುವಷ್ಟರಲ್ಲಿ ತಪ್ಪೀತು ಎಂಬ ಭಯಕ್ಕೆ ಮೊದಲೇ ಮಾರಿಬಿಡುತ್ತಿದ್ದೆ. ಅರ್ಧ ಮಾರುವ ಆ ರೂಢಿಯೂ ಇದರದ್ದೇ ಸಂತಾನ. 214 ಟ್ರೇಡುಗಳ ಚಾರ್ಟನ್ನೂ ಒಂದೊಂದಾಗಿ ತೆರೆದು, 1.5 ಆರ್ ಮೊದಲು ಸಿಗುತ್ತಿತ್ತೋ ಮೂಲ ಸ್ಟಾಪ್ ಮೊದಲು ಹೊಡೆಯುತ್ತಿತ್ತೋ ಎಂದು ಗುರುತು ಹಾಕಿದೆ. ದಿನಕ್ಕೆ ಎಂಟು ಹತ್ತರಂತೆ ಸುಮಾರು ಒಂದು ತಿಂಗಳ ಕೆಲಸ. 92 ಟ್ರೇಡು ಟಾರ್ಗೆಟ್ ಮುಟ್ಟುತ್ತಿದ್ದವು, 122 ಸ್ಟಾಪಿಗೆ ಹೋಗುತ್ತಿದ್ದವು. ವಿನ್ ರೇಟ್ 43%. ಖರ್ಚೆಲ್ಲ ಕಳೆದರೆ ಟ್ರೇಡಿಗೆ 0.01 ಆರ್ ಲಾಭ, ಅಂದರೆ ಸೊನ್ನೆ. ಈ ಅನುಪಾತಕ್ಕೆ ನಾಣ್ಯವೇ 40% ಗೆಲ್ಲುತ್ತದೆ. ನನ್ನ ಕೌಶಲ ಎನ್ನಬಹುದಾದದ್ದು ಆ ಮೇಲಿನ 3%, ಅದರಲ್ಲಿ ಎರಡೂವರೆ ಭಾಗವನ್ನು ಶುಲ್ಕ ನುಂಗುತ್ತಿತ್ತು.

ಹಿಂದಿನ ಚಾರ್ಟ್ ನೋಡಿ ಹಾಕಿದ ಗುರುತಿನಲ್ಲಿ ಮೋಸ ಇದ್ದೇ ಇರುತ್ತದೆ, ಮುಂದೇನಾಯಿತು ಎಂದು ಕಣ್ಣಿಗೆ ಕಂಡಿರುತ್ತದೆ. ಹೊಸದಾಗಿ, ಚಿಕ್ಕ ಪಣದಲ್ಲಿ ಮುಂದಕ್ಕೆ ನಡೆಸಿ ನೋಡೋಣ ಎಂದು ನಿರ್ಧರಿಸಿದೆ. ಒಂದು ಸ್ಟಾಪ್, 1.5 ಆರ್‌ಗೆ ಒಂದು ಟಾರ್ಗೆಟ್, ಎರಡೂ ಆರ್ಡರ್ ಒಟ್ಟಿಗೆ ಹಾಕುವುದು, ಆಮೇಲೆ ಮುಟ್ಟುವುದಿಲ್ಲ.

ಹೇಳಿದಷ್ಟು ಸುಲಭವಿರಲಿಲ್ಲ. ಹಳೆಯ ಪದ್ಧತಿಯಲ್ಲಿ ಸತತ ಐದು ಸೋಲು ಬಂದರೆ ಅದೇ ಹೆಚ್ಚು. ಅರ್ಧಕ್ಕರ್ಧ ಸೋಲುವ ಪದ್ಧತಿಯಲ್ಲಿ ನೂರಿಪ್ಪತ್ತು ಟ್ರೇಡಿನೊಳಗೆ ಆರೇಳು ಸತತ ಸೋಲು ಬರುವುದು ಮಾಮೂಲಿ ಎಂದು ಭಾವ ಮೊದಲೇ ಲೆಕ್ಕ ಹಾಕಿ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಮಾನಿಟರ್ ಕೆಳಗೆ ಅಂಟಿಸಿಕೊಂಡಿದ್ದೆ. ಆದರೂ 41ರಿಂದ 47ರವರೆಗೆ ಏಳು ಟ್ರೇಡು ಸಾಲಾಗಿ ಹೋದಾಗ ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು. 48ನೆಯದು 0.7 ಆರ್ ಲಾಭಕ್ಕೆ ಬಂದಾಗ ಕೈ ಮೌಸಿನ ಮೇಲೇ ಇತ್ತು. ಎದ್ದು ಹೊರಗೆ ಹೋಗಿ ಗಿಡಗಳಿಗೆ ನೀರು ಹಾಕಿದೆ. ಬರುವಷ್ಟರಲ್ಲಿ ಅದು ಸ್ಟಾಪಿಗೆ ಹೋಗಿರಲಿಲ್ಲ, ಟಾರ್ಗೆಟ್ ಮುಟ್ಟಿತ್ತು. ಮುಟ್ಟದೇ ಹೋಗಿದ್ದರೂ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ ಎಂದು ಈಗ ಹೇಳಬಹುದು, ಅವತ್ತು ಹೇಳಲು ಆಗುತ್ತಿರಲಿಲ್ಲ.

ಏಳು ತಿಂಗಳಲ್ಲಿ 120 ಟ್ರೇಡು ಆದವು. 58 ಗೆಲುವು, 62 ಸೋಲು. ವಿನ್ ರೇಟ್ 48.3%, ಸರಾಸರಿ ಗೆಲುವು 1.46 ಆರ್, ಸರಾಸರಿ ಸೋಲು 1.01 ಆರ್. ಖರ್ಚು ಕಳೆದ ಮೇಲೆ ಟ್ರೇಡಿಗೆ 0.12 ಆರ್ ಲಾಭ. ಹಾಳೆ ತಿರುಗಿಸಿ ಹೆಂಡತಿಗೆ ತೋರಿಸಿದೆ. ಹಿಂದೆ ಹತ್ತರಲ್ಲಿ ಆರು ಗೆದ್ದು ಸೋಲುತ್ತಿದ್ದವನು, ಈಗ ಅರ್ಧಕ್ಕಿಂತ ಕಡಿಮೆ ಗೆದ್ದು ಗೆಲ್ಲುತ್ತಿದ್ದೆ. "ಹಾಗಾದ್ರೆ ಇದು ನಡೆಯುತ್ತಾ?" ಎಂದಳು. ನಡೆಯುತ್ತೆ ಎಂದೆ. ಅವಸರದ ಮಾತು.

ಭಾವ ಹಾಳೆಯಲ್ಲಿ ಎರಡು ಸಾಲು ಸೇರಿಸಿದರು. ಖರ್ಚು ಕಳೆದ ಆರ್ ಅಂಕಿಗಳು ಜಿ ಕಾಲಂನಲ್ಲಿದ್ದವು.

```
=AVERAGE(G2:G121)
=STDEV(G2:G121)/SQRT(COUNT(G2:G121))
```

ಮೊದಲನೆಯದು ಎಕ್ಸ್‌ಪೆಕ್ಟೆನ್ಸಿ, 0.12. ಎರಡನೆಯದು ಆ ಅಂಕಿ ಬರೀ ಅದೃಷ್ಟದಿಂದ ಎಷ್ಟು ಆಚೀಚೆ ಆಗಬಹುದು ಎನ್ನುವುದರ ಅಳತೆ, 0.11. ಇದರ ಎರಡು ಪಟ್ಟನ್ನು ಆಚೆ ಈಚೆ ಹಿಡಿಯಬೇಕಂತೆ. ಆಗ ನನ್ನ ನಿಜವಾದ ಎಕ್ಸ್‌ಪೆಕ್ಟೆನ್ಸಿ 0.10 ನಷ್ಟದಿಂದ 0.35 ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು. ಚಾರ್ಟ್ ನೋಡಿ ಗುರುತು ಹಾಕಿದಾಗ ಬಂದಿದ್ದ ಸೊನ್ನೆಯೂ ಅದರೊಳಗೇ ಕೂತಿದೆ. "ಹಾಗಾದ್ರೆ ಹಳೇ ನಷ್ಟ?" ಎಂದೆ. ಅದಕ್ಕೂ ಹಾಕಿ ನೋಡಿದರು. 214 ಟ್ರೇಡಿನ 0.10 ನಷ್ಟಕ್ಕೆ ಅಳತೆ 0.06 ಬಂತು. "ನೀನು ಸೋತದ್ದೂ ಇನ್ನೂ ಪೂರ್ತಿ ಸಾಬೀತಾಗಿಲ್ಲ ಕಣೋ" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಆ ದುಡ್ಡು ಅಂತೂ ಪೂರ್ತಿ ಹೋಗಿತ್ತು.

0.12 ನಿಜವೋ ಅಲ್ಲವೋ ಗೊತ್ತಾಗಲು ಎಷ್ಟು ಟ್ರೇಡು ಬೇಕು? ಸುಮಾರು 400. ತಿಂಗಳಿಗೆ ಹದಿನೇಳರ ಲೆಕ್ಕದಲ್ಲಿ ಒಟ್ಟು ಎರಡು ವರ್ಷ. ಅದೂ ಆ ಎರಡು ವರ್ಷ ಮಾರುಕಟ್ಟೆಯ ಸ್ವಭಾವ ಬದಲಾಗದೇ, ನಾನೂ ಪದ್ಧತಿ ಬದಲಿಸದೇ ಇದ್ದರೆ. ನಡುವೆ ನಿಯಮ ಒಂದಿಷ್ಟು ತಿದ್ದಿದರೂ ಎಣಿಕೆ ಮತ್ತೆ ಒಂದರಿಂದ.

ಇನ್ನೊಂದು ಗುಂಡಿ ನಾನೇ ನೋಡಿರಲಿಲ್ಲ. ಬೆಲೆಯ ಡೇಟಾ ಮತ್ತು ಚಾರ್ಟ್ ತಂತ್ರಾಂಶಕ್ಕೆ ತಿಂಗಳ ಚಂದಾ ಕಟ್ಟುತ್ತಿದ್ದೆ. ಟ್ರೇಡು ಮಾಡಲಿ ಬಿಡಲಿ ಅದು ಹೋಗುತ್ತಿತ್ತು, ಟ್ರೇಡಿನ ಖರ್ಚಿನಲ್ಲಿ ಸೇರಿರಲಿಲ್ಲ. ನನ್ನ ಚಿಕ್ಕ ಖಾತೆಯಲ್ಲಿ ಅದು ತಿಂಗಳಿಗೆ 1.2 ಆರ್. ಹದಿನೇಳು ಟ್ರೇಡಿಗೆ ಹಂಚಿದರೆ ತಲಾ 0.07 ಆರ್. 0.12ರಲ್ಲಿ ಉಳಿದದ್ದು 0.05. ಖಾತೆ ಎರಡು ಪಟ್ಟು ದೊಡ್ಡದಿದ್ದರೆ ಅದೇ ಚಂದಾ ಅರ್ಧ ಆರ್‌ಗೆ ಸ್ವಲ್ಪ ಮೇಲೆ ಆಗುತ್ತಿತ್ತು. ಒಂದೇ ಪದ್ಧತಿ, ಒಂದೇ ವಿನ್ ರೇಟ್, ಒಂದೇ ಅನುಪಾತ. ಆದರೆ ಒಬ್ಬರಿಗೆ ಅದು ನಡೆಯುತ್ತದೆ, ಇನ್ನೊಬ್ಬರಿಗೆ ಇಲ್ಲ. ಜೀವನ ಸಾಗಿಸುವ ಮಾತಂತೂ ದೂರ. ಚಂದಾ ತೆಗೆದ ಮೇಲೆ ತಿಂಗಳಿಗೆ 1 ಆರ್‌ಗಿಂತ ಕಡಿಮೆ ಉಳಿಯುತ್ತದೆ, ಅಂದರೆ ಖಾತೆಯ 1% ಕೂಡ ಇಲ್ಲ.

ಚಂದಾ ರದ್ದು ಮಾಡಿದೆ. ದಿನದ ಕೊನೆಯ ಉಚಿತ ಡೇಟಾ ನನ್ನ ಪದ್ಧತಿಗೆ ಸಾಕಾಗುತ್ತದೆ ಎಂದು ರದ್ದು ಮಾಡಿದ ಮೇಲೆ ಗೊತ್ತಾಯಿತು. ಕೆಲಸ ಬಿಟ್ಟು ಇದಕ್ಕೇ ಕೂರುವ ಯೋಚನೆಯನ್ನು ಹೆಂಡತಿಯ ಎದುರೇ ಕೈಬಿಟ್ಟೆ. ಪಣ ಇನ್ನೂ ಚಿಕ್ಕದೇ ಇದೆ.

ಇವತ್ತಿಗೆ ಹಾಳೆಯಲ್ಲಿ 137 ಟ್ರೇಡು. ಮುಂದಿನ ಲೆಕ್ಕ 200ನೆಯದಾದ ಮೇಲೆ. ನಡುನಡುವೆ ನೋಡಿದರೆ ಕೈ ಸುಮ್ಮನಿರುವುದಿಲ್ಲ ಎಂದು ಆ ಎರಡು ಸೂತ್ರದ ಕೋಶಗಳನ್ನು ಬೀಗ ಹಾಕಿ ಮರೆಮಾಡಿಸಿದ್ದೇನೆ. ಪಾಸ್‌ವರ್ಡ್ ಭಾವನ ಹತ್ತಿರ ಇದೆ, ಕೇಳಿದರೆ ಕೊಡುವುದಿಲ್ಲ ಎಂದಿದ್ದಾರೆ. ಕಳೆದ ವಾರ ಕೇಳಿ ನೋಡಿದೆ, ಕೊಡಲಿಲ್ಲ.